ಏಳರಿಂದ ಮೂರು, ಯಾವ ಊರಿನದು?

ಪುಲ್ಪಳ್ಳಿಯ ನಮ್ಮ ಮನೆಯಲ್ಲಿ ಕೂತು ನಾನು ಅಡುಗೆಮನೆ ಕಪಾಟುಗಳ ನಕ್ಷೆ ಬಿಡಿಸುತ್ತೇನೆ. ನನಗಿರುವುದು ಇಬ್ಬರೇ ಗಿರಾಕಿಗಳು. ಒಬ್ಬರು ಮೆಲ್ಬರ್ನಿನ ಬಡಗಿ, ಇನ್ನೊಬ್ಬರು ಟೊರೊಂಟೊದಲ್ಲಿ ವರ್ಕ್‌ಶಾಪ್ ಇಟ್ಟವರು. ಹೊತ್ತುಗೊತ್ತಿಲ್ಲದ ಅವರ ಮೆಸೇಜುಗಳಿಗೆ ಉತ್ತರಿಸಿ ಸಾಕಾಗಿ, ಜೂನಿನಲ್ಲಿ ಒಂದು ದಿನ ಧೈರ್ಯ ಮಾಡಿ ಇಬ್ಬರಿಗೂ ಒಂದೇ ಸಾಲು ಬರೆದೆ: ‘ಇನ್ನು ಮೇಲೆ ನನ್ನ ಕೆಲಸದ ವೇಳೆ ಏಳರಿಂದ ಮೂರು.’

ಎಲ್ಲಿಯ ಏಳು ಎಂದು ಬರೆಯಲಿಲ್ಲ. ನಮ್ಮ ಮನೆಯಲ್ಲಿ ಇರುವುದೇ ಒಂದು ಗಡಿಯಾರ, ಹೊಳೆಯಲೇ ಇಲ್ಲ.

ಇಬ್ಬರೂ ಮರ್ಯಾದಸ್ಥರು, ಅವರವರ ಊರಿನ ಏಳಕ್ಕೆ ಫೋನು, ಮೆಸೇಜು ಶುರು ಮಾಡಿದರು. ಮೆಲ್ಬರ್ನಿನ ಏಳು ಎಂದರೆ ನಮಗೆ ಬೆಳಗಿನ ಜಾವ ಎರಡೂವರೆ. ಟೊರೊಂಟೊದಲ್ಲಿ ಮಧ್ಯಾಹ್ನ ಮೂರಾಗುವುದು ನಮ್ಮ ರಾತ್ರಿ ಹನ್ನೆರಡೂವರೆಗೆ. ನಡುವೆ ನನಗೆ ಉಳಿದದ್ದು ಎರಡು ಗಂಟೆಯ ನಿದ್ದೆ. ಹಗಲು ಕಣ್ಣು ಮುಚ್ಚೋಣವೆಂದರೆ ನಕ್ಷೆ ಮುಗಿಸಬೇಕು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗಾಯಿತು.

ತಪ್ಪಾಯಿತು ಎಂದು ಬರೆಯಬಹುದಿತ್ತಲ್ಲ? ನಾಚಿಕೆಯಾಯಿತು. ಮಿಲಿಮೀಟರು ಲೆಕ್ಕದಲ್ಲಿ ನಕ್ಷೆ ಬರೆಯುವವಳಿಗೆ ಒಂದು ಸಾಲು ನೆಟ್ಟಗೆ ಬರೆಯಲು ಬರದು ಎಂದರೆ ಕೆಲಸ ಉಳಿದೀತೇ? ಆರು ವಾರ ಬಾಯಿ ಮುಚ್ಚಿಕೊಂಡೆ. ಕೈಯಾರೆ ತೋಡಿದ ಹಳ್ಳದಲ್ಲಿ ನಾನೇ ಕೂತಿದ್ದೆ.

ಒಂದು ಬೆಳಿಗ್ಗೆ ಕಾಫಿ ಸೋಸುತ್ತಾ ನಿಂತಲ್ಲೇ ತೂಕಡಿಸಿ, ಕುದಿಯುವುದನ್ನು ಅಮ್ಮನ ಪಾದದ ಮೇಲೆ ಚೆಲ್ಲಿದೆ. ಅಮ್ಮ ಕಿರುಚಿದಳು. ನಾನು ತಣ್ಣೀರು ಹುಯ್ಯುತ್ತಾ ಅತ್ತೆ.

“ಕಾಲಿಗೇನೂ ಆಗಿಲ್ಲ, ಸಾರಮಿಲ್ಲ ಮೋಳೇ, ಮಾಯುತ್ತೆ,” ಎಂದಳು. “ನೀನು ಹೀಗೇ ಇದ್ರೆ ನಾಳೆ ಒಲೆ ಮೇಲೇ ಬೀಳ್ತೀಯ. ಅವ್ರ ಹತ್ರ ಒಂದು ಮಾತು ಹೇಳಕ್ಕೆ ಏನು ಪೇಡಿ ನಿಂಗೆ?”

ಪೇಡಿ ಎಂದರೆ ಮಲಯಾಳ ಬೆರೆತ ನಮ್ಮ ಕಡೆಯ ಮಾತಿನಲ್ಲಿ ಹೆದರಿಕೆ. ಇದ್ದದ್ದು ಅದೇ.

ಅಂದೇ ಬರೆದೆ: ‘ಭಾರತದ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಆರು. ಆಮೇಲೆ ಬಂದ ಮೆಸೇಜನ್ನು ಮರುದಿನ ನೋಡುತ್ತೇನೆ.’ ಪಕ್ಕದಲ್ಲಿ ಅವರವರ ಊರಿನ ಗಂಟೆಯನ್ನೂ ಬರೆದೆ. ಟೊರೊಂಟೊದವರು ಫೋನು ಮಾಡಬೇಕಾದದ್ದು ನಮ್ಮ ಸಂಜೆ ಐದೂವರೆಗೆ, ಅಂದರೆ ಅವರ ಬೆಳಗಿನ ಎಂಟಕ್ಕೆ. ಮತ್ತೊಮ್ಮೆ ಓದಿ ಕಳುಹಿಸಿದೆ.

ಮೆಲ್ಬರ್ನಿನಿಂದ ‘ಆಗಲಿ’ ಎಂದಷ್ಟೇ ಬಂತು. ಸಂಜೆ ಟೊರೊಂಟೊದ ಉತ್ತರ ಬಂತು: ‘ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಾವು ವರ್ಕ್‌ಶಾಪ್ ತೆರೆಯುತ್ತಿದ್ದದ್ದೇ ಎಂಟಕ್ಕೆ. ನಿಮಗೆ ಏಳೇ ಬೇಕೇನೋ ಎಂದು ಆರು ವಾರದಿಂದ ನಿದ್ದೆಗೆಟ್ಟು ಬರುತ್ತಿದ್ದೇನೆ. ಹೇಳಿದರೆ ನೀವು ಬೇರೆ ಗಿರಾಕಿ ನೋಡಿಕೊಂಡೀರಿ ಎಂದು ಹೆದರಿ ಸುಮ್ಮನಿದ್ದೆ.’