ಹಳೆಯ ಕಾರ್ಡಿನ ಡಯಾಲಿಸಿಸ್ ಪುಟ

ಠಾಣೆ ನಗರದ ಒಂದು ಆಸ್ಪತ್ರೆಯ ವೆಬ್‌ಸೈಟನ್ನು ನಾವು ಹೊಸದಾಗಿ ಕಟ್ಟಿದ ವರ್ಷ ಸುಸ್ತು ನನ್ನ ಮೈಗಂಟಿಕೊಂಡಿತ್ತು. ದಿನವೂ ನೆರೂಳಿನಿಂದ ಐರೋಲಿಯ ಆಫೀಸಿಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಪ್ರಯಾಣ. ಹೊಸ ಸೈಟಿನಲ್ಲಿ ಎಲ್ಲ ಪುಟಗಳ ವಿಳಾಸಗಳೂ ಬದಲಾಗಿದ್ದವು. ಹಳೆಯ ವಿಳಾಸಕ್ಕೆ ಬಂದವರನ್ನು ಅದಕ್ಕೆ ಸರಿಯಾದ ಹೊಸ ಪುಟಕ್ಕೆ ಕಳಿಸಬೇಕು. ಆ ಪಟ್ಟಿ ಮಾಡುವುದು ನನ್ನ ಕೆಲಸ.

"ಸಬ್ ಹೋಮ್ ಪೇಜ್ ಪೆ ಡಾಲ್ ದೋ, ಎಲ್ಲವನ್ನೂ ಮುಖಪುಟಕ್ಕೇ ಹಾಕಿಬಿಡು. ಯಾರು ನೋಡ್ತಾರೆ?" ಅಂದರು ಮ್ಯಾನೇಜರ್.

ತಪ್ಪೆಂದು ಗೊತ್ತಿತ್ತು. ವಾದಿಸಲು ತ್ರಾಣವಿರಲಿಲ್ಲ. ಹಳೆಯ ವಿಳಾಸಗಳನ್ನೆಲ್ಲ ಒಂದೇ ಸಾಲಿನಲ್ಲಿ ಮುಖಪುಟಕ್ಕೆ ಶಾಶ್ವತವಾಗಿ ತಿರುಗಿಸಿಬಿಟ್ಟೆ.

ಕೆಲವು ವಾರಗಳ ನಂತರ ಮೀಟಿಂಗಿಗೆಂದು ಮಾಜಿವಾಡಾದ ಹತ್ತಿರವಿದ್ದ ಆ ಆಸ್ಪತ್ರೆಗೆ ಹೋದೆ. ರಿಸೆಪ್ಶನ್ ಎದುರು ನಡುವಯಸ್ಸಿನ ಹೆಂಗಸೊಬ್ಬರು ಜಗಳವಾಡುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಅವರ ಗಂಡ, ಕಾಲು ಊದಿಕೊಂಡಿತ್ತು. ಹಿಂದಿಯಲ್ಲಿ ಶುರುವಾದ ಮಾತು ಸಿಟ್ಟು ಏರಿದಂತೆ ಉಡುಪಿ ಕನ್ನಡಕ್ಕೆ ಇಳಿಯಿತು. ನಾನೂ ಆ ಕಡೆಯವಳೇ, ಏನಾಯಿತೆಂದು ಕೇಳಿದೆ.

ಅವರು ಆಸ್ಪತ್ರೆಯ ಕಾರ್ಡು ತೋರಿಸಿದರು. ಅದರ ಮೇಲಿನ ಕ್ಯೂಆರ್ ಕೋಡ್ ಡಯಾಲಿಸಿಸ್ ವೇಳಾಪಟ್ಟಿಯ ಹಳೆಯ ಪುಟದ್ದು.

"ಇದಕ್ಕೆ ಫೋನ್ ಹಿಡಿದ್ರೆ ಬರೀ ಹೊಸ ಬಿಲ್ಡಿಂಗಿನ ಫೋಟೋ ಬರ್ತದೆ ಮಾರಾಯ್ತಿ. ಡಯಾಲಿಸಿಸ್ ಬಂದ್ ಆಯ್ತು ಅಂತ ಎಣಿಸಿ ಇವರನ್ನು ಕಲ್ಯಾಣದ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿ ಜಾಗ ಇಲ್ಲ ಅಂದ್ರು. ಒಂದು ಸಲದ್ದು ತಪ್ಪಿಯೇ ಹೋಯ್ತು."

"ಅದು ನಾನು ಮಾಡಿದ ಕೆಲಸ, ಅಕ್ಕ," ಅಂದೆ.

ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. "ಹಾಗಾದ್ರೆ ಸರಿ ಮಾಡು," ಅಂದು ಗಂಡನನ್ನು ಎಬ್ಬಿಸಿ ಒಳಗೆ ಕರೆದೊಯ್ದರು.

ಮೂರು ದಿನ ಸರ್ವರಿನ ದಾಖಲೆ ತೆಗೆದು, ಜನ ಬರುತ್ತಿದ್ದ ಹಳೆಯ ವಿಳಾಸಗಳನ್ನು ಒಂದೊಂದಾಗಿ ಹೊಸ ಪುಟಕ್ಕೆ ಜೋಡಿಸಿದೆ. ಡೊಂಬಿವಲಿಯಲ್ಲಿದ್ದ ಆಸ್ಪತ್ರೆಯ ಫಿಸಿಯೋಥೆರಪಿ ಕೇಂದ್ರ ನಿಜಕ್ಕೂ ಮುಚ್ಚಿತ್ತು. ಅದರ ಪುಟವನ್ನು ಎಲ್ಲಿಗೂ ತಿರುಗಿಸಲಿಲ್ಲ. ಇಲ್ಲದ ಪುಟಗಳಿಗೆಲ್ಲ ಪುಟ ಸಿಗಲಿಲ್ಲವೆಂದು ತಿಳಿಸುವ ಒಂದು 404 ಪುಟ ಬರೆದೆ: "ನೀವು ಹುಡುಕಿದ ಪುಟ ಈಗ ಇಲ್ಲ. ಆಸ್ಪತ್ರೆ ತೆರೆದಿದೆ." ಕೆಳಗೆ ಹುಡುಕುವ ಜಾಗ, ವಿಭಾಗಗಳ ಪಟ್ಟಿ, ಫೋನ್ ನಂಬರ್. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹಾಕಿದೆ.

ಆಮೇಲೆ ಆ ಅಕ್ಕನ ಗಂಡನ ಡಯಾಲಿಸಿಸ್ ದಿನವನ್ನು ರಿಸೆಪ್ಶನ್ನಿನಲ್ಲಿ ಕೇಳಿಕೊಂಡು ಆಸ್ಪತ್ರೆಗೆ ಹೋದೆ. ನನ್ನ ಫೋನಿನಲ್ಲಿ ಕಾರ್ಡಿನ ಕೋಡ್ ಸರಿಯಾಗಿ ವೇಳಾಪಟ್ಟಿಗೆ ಹೋಯಿತು. ಅಕ್ಕನ ಫೋನಿನಲ್ಲಿ ಮಾತ್ರ ಮತ್ತೆ ಅದೇ ಕಟ್ಟಡದ ಫೋಟೋ. ನಾನು ಶಾಶ್ವತವೆಂದು ಬರೆದದ್ದನ್ನು ಅವರ ಬ್ರೌಸರ್ ನೆನಪಿಟ್ಟುಕೊಂಡಿತ್ತು. ಆ ನೆನಪನ್ನು ಅಳಿಸಿ ಮತ್ತೆ ತೋರಿಸಿದೆ. ವೇಳಾಪಟ್ಟಿ ತೆರೆಯಿತು.

"ಎಷ್ಟು ಜನರ ಫೋನಿನಲ್ಲಿ ಹೀಗೆ ಉಂಟು?" ಕೇಳಿದರು.

"ಗೊತ್ತಿಲ್ಲ ಅಕ್ಕ."

ಅವರು ಪಕ್ಕದ ಕುರ್ಚಿ ತೋರಿಸಿದರು. ಗಂಡನ ಸರದಿ ಮುಗಿಯುವವರೆಗೂ ಅಲ್ಲಿಯೇ ಕೂತಿದ್ದೆ. ಡಯಾಲಿಸಿಸ್‌ಗೆ ಬಂದವರ ಫೋನುಗಳನ್ನು ಅವರೇ ಕೇಳಿ ಇಸಿದುಕೊಂಡು ನನಗೆ ಕೊಡುತ್ತಿದ್ದರು, ನಾನು ಒಂದೊಂದರಲ್ಲೂ ಆ ಹಳೆಯ ನೆನಪನ್ನು ಅಳಿಸುತ್ತಿದ್ದೆ.