ಮಧ್ಯಾಹ್ನದ ನಿದ್ದೆಗೆ ಇಪ್ಪತ್ತನಾಲ್ಕನೆಯ ಸಾಕ್ಷಿ

ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುವ ಅಡಿಟಿಪ್ಪಣಿ ಅಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾವ ಪುಸ್ತಕವೇ ಬರಲಿ, ಮೊದಲು ಕೊನೆಯ ಪುಟಗಳ ಟಿಪ್ಪಣಿಗಳನ್ನು ಜಾಲಾಡುತ್ತಿದ್ದಳು. ಪುಸ್ತಕ ಓದಿಸಿಕೊಂಡು ಹೋಗುತ್ತದೆಯೇ ಎಂಬ ಪರೀಕ್ಷೆಗೆ ಮಾತ್ರ ಗಂಡನೇ ಗತಿ. ಆತ ಗೊರಕೆ ಹೊಡೆದ ಪುಟಕ್ಕೆ ಪೆನ್ಸಿಲ್ ಗುರುತು ಬೀಳುತ್ತಿತ್ತು.

ಮಧ್ಯಾಹ್ನ ಮಲಗಿದರೆ ನೆನಪು ಚುರುಕಾಗುತ್ತದೆ ಎಂಬುದು ಈ ಸಲದ ಪುಸ್ತಕದ ವಾದ. ಅಕ್ಕ ಟಿಪ್ಪಣಿ ಕೆದಕಿದಳು. ಪುರಾವೆಯೆಂದರೆ ಲೇಖಕನ ಇಪ್ಪತ್ತಮೂರು ಗೆಳೆಯರ ಮಾತು. ಮಲಗದವರನ್ನು ಯಾರೂ ಕೇಳಿಯೇ ಇರಲಿಲ್ಲ! "ವಾದ ಬೆಟ್ಟದಷ್ಟು, ಆಧಾರ ಸಾಸಿವೆಯಷ್ಟು" ಎಂದು ಸಿಡುಕಿಕೊಂಡೇ ಗೀಚಿದಳು.

ಗಂಡನೋ ಎರಡೇ ದಿನಕ್ಕೆ ಮುಗಿಸಿದ್ದ.

"ಒಂದು ಪುಟಕ್ಕೂ ತೂಕಡಿಸ್ಲಿಲ್ಲ ಕಣೇ. ಕೊಳ್ಳಿ ಅಂತ ಬರಿ."

"ಚೆನ್ನಾಗಿ ಬರೆದ್ಬಿಟ್ರೆ ನಿಜ ಆಗ್ಬಿಡುತ್ತೇನ್ರೀ?"

ಆತ ಪುಸ್ತಕ ಹೇಳಿದಂತೆಯೇ ಊಟ ಮುಗಿಸಿ ಮಲಗಿದ. ಎದ್ದವನು ಹುರುಪಿನಿಂದ ತರಕಾರಿಗೆ ಹೊರಟ. ಅರ್ಧ ಗಂಟೆಯ ಮೇಲೆ ಖಾಲಿ ಚೀಲದೊಂದಿಗೆ ಬಾಗಿಲಲ್ಲಿ ನಿಂತು, "ಏನು ತರೋಕೆ ಹೇಳಿದ್ದೆ?" ಎಂದ.

ಅಕ್ಕ ವಿಮರ್ಶೆಗೆ ಕೊನೆಯ ಸಾಲು ಸೇರಿಸಿದಳು: "ಓದಲು ಸೊಗಸು, ಗ್ರಂಥಾಲಯದಿಂದ ತಂದು ಓದಿ, ಕೊಳ್ಳಬೇಡಿ. ಇಪ್ಪತ್ತನಾಲ್ಕನೆಯವರು ನಮ್ಮ ಮನೆಯಲ್ಲಿದ್ದಾರೆ, ಇವತ್ತು ನಮ್ಮಲ್ಲಿ ಪಲ್ಯವಿಲ್ಲ."