ಸುಭದ್ರಮ್ಮನವರ ‘ಜಗ್ಗು’

ಹಲಸೂರಿನ ನಮ್ಮ ಸಂಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಸುಭದ್ರಮ್ಮನವರಿಗೆ ಪಠ್ಯಪುಸ್ತಕದ ಕನ್ನಡ ಕಂಡರೆ ಆಗುತ್ತಿರಲಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತಮಿಳಿನಲ್ಲಿ ಚೌಕಾಸಿ ಶುರುಮಾಡಿ, ದಖ್ನಿ ಉರ್ದುವಿನಲ್ಲಿ ಮುಂದುವರಿಸಿ, ಕನ್ನಡದಲ್ಲಿ ಬೈದು, ತರಕಾರಿ ಚೀಲದ ಸಮೇತ ತರಗತಿಗೆ ಬರುವ ಹೆಂಗಸು ಅವರು. ಪಕ್ಕದ ಕೋಣೆಯಲ್ಲಿ ನಾನು ವಾಣಿಜ್ಯಶಾಸ್ತ್ರ ಹೇಳುತ್ತಿದ್ದೆ. ನನ್ನ ಹುಡುಗರು ಅವರ ತರಗತಿಯ ನಗು ಕೇಳಿಸಿಕೊಳ್ಳುತ್ತ ನನ್ನ ಪಾಠವನ್ನು ಸಹಿಸಿಕೊಂಡಿದ್ದರು.

ಸರ್ಕಾರ ರೂಪಾಯಿಯ ಬೆಲೆ ಇಳಿಸಿದ್ದ ತೊಂಬತ್ತೊಂದನೇ ಇಸವಿ. ಅವರ ತರಗತಿಯಲ್ಲಿ ದೊಮ್ಮಲೂರಿನ ಧನಲಕ್ಷ್ಮಿ ಎದ್ದುನಿಂತಳು. ಕೆ.ಆರ್. ಪುರಂ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ವಿದೇಶಕ್ಕೆ ಹೋಗುವ ಶರಟುಗಳಿಗೆ ಕಾಲರ್ ಹೊಲಿಯುವವಳು. ಅರ್ಥಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲ ಬಿ.ಎ. ಮುಗಿದರೆ ಅದೇ ಕಂಪನಿಯ ಆಫೀಸಿನಲ್ಲಿ ಕೆಲಸ. ಇಲ್ಲವೆಂದರೆ ಆ ಕುರ್ಚಿ ಬೇರೆಯವರಿಗೆ.

“ರೂಪಾಯಿ ಇಳಿದ್ರೆ ದೇಶದ ವ್ಯಾಪಾರಕ್ಕೆ ಒಳ್ಳೇದು ಅಂತ ಪೇಪರ್‌ನಲ್ಲಿ ಬರೀತಾರೆ, ಕೆಟ್ಟದ್ದು ಅಂತ್ಲೂ ಬರೀತಾರೆ. ಯಾವ್ದು ನಿಜ ಮೇಡಂ?”

“ಅದು ಸ್ಥಿತಿಸ್ಥಾಪಕತ್ವದ ಮೇಲಿದೆ,” ಎಂದರು ಸುಭದ್ರಮ್ಮ. ಇಡೀ ತರಗತಿ ತಲೆ ತಗ್ಗಿಸಿತು. ಅವರು ಸೀಮೆಸುಣ್ಣ ಕೆಳಗಿಟ್ಟರು. “ಹೋಗ್ಲಿ ಬಿಡಮ್ಮ. ಟೊಮ್ಯಾಟೊ ರೇಟು ಏರಿದ್ರೆ ಏನ್ಮಾಡ್ತೀಯ?”

“ಕಮ್ಮಿ ತಗೋತೀನಿ.”

“ಉಪ್ಪು?”

“ಉಪ್ಪು ಬೇಕೇಬೇಕಲ್ಲ ಮೇಡಂ. ಅದ್ರಲ್ಲಿ ನಾವು ಜಗ್ಗಲ್ಲ.”

ಸುಭದ್ರಮ್ಮನವರ ಮುಖ ಅರಳಿದ್ದು ಗೋಡೆಯಾಚೆ ನನಗೇ ಗೊತ್ತಾಯಿತು, ಅಷ್ಟು ಜೋರಾಗಿ ನಕ್ಕರು. ಅಂದಿನಿಂದ ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ, ಅಂದರೆ ಪುಸ್ತಕದ ಸ್ಥಿತಿಸ್ಥಾಪಕತ್ವಕ್ಕೆ, ಅವರ ತರಗತಿಯಲ್ಲಿ ‘ಜಗ್ಗು’ ಎಂದೇ ಹೆಸರು. ಶರಟು ಜಗ್ಗುತ್ತದೆ, ಪೆಟ್ರೋಲು ಅಷ್ಟಾಗಿ ಜಗ್ಗುವುದಿಲ್ಲ. ಮಕ್ಕಳಿಗೆ ಪಾಠ ಬಾಯಿಗೆ ಬಂತು.

ಪರೀಕ್ಷೆಯಲ್ಲೂ ಅದನ್ನೇ ಬರೆದುಬಂದರು. ಅಲ್ಲಿ ಬಂತು ಗ್ರಹಚಾರ.

ಸುಭದ್ರಮ್ಮನವರೂ ನಾನೂ ಪತ್ರಿಕೆ ತಿದ್ದಲು ಹೋಗಿದ್ದ ಮೌಲ್ಯಮಾಪನದ ಹಾಲಿನಲ್ಲಿ ಮುಖ್ಯಸ್ಥರು ರಾಮಾಂಜಿನಪ್ಪನವರು, ಬಹಳ ಶಿಸ್ತಿನ ಮನುಷ್ಯ. ಒಂದು ಉತ್ತರಪತ್ರಿಕೆ ಎತ್ತಿ ಹಿಡಿದು ಕೇಳಿದರು: “ಜಗ್ಗು ಅಂತೆ. ಇದನ್ನ ಯಾರ್ರೀ ಕಲಿಸಿದ್ದು? ಇಂಥವು ಒಂದು ಕಟ್ಟೇ ಇದೆ.”

ಸುಭದ್ರಮ್ಮ ಎದ್ದು ನಿಂತರು. ಪತ್ರಿಕೆಯ ಮೇಲೆ ಹೆಸರಿರಲಿಲ್ಲ, ಆದರೆ ಆ ಕಟ್ಟಿನಲ್ಲಿ ಧನಲಕ್ಷ್ಮಿಯದೂ ಇತ್ತು ಎನ್ನುವುದು ನಮ್ಮಿಬ್ಬರಿಗೂ ಗೊತ್ತು. ನನಗೆ ನಿಜಕ್ಕೂ ಭಯವಾಯಿತು.

“ಪದ ಬಿಡಿ ಸಾರ್, ಲೆಕ್ಕ ಸರಿ ಇದೆಯಾ ನೋಡಿ.”

“ಲೆಕ್ಕವೂ ತಪ್ಪು. ರಫ್ತಿನ ಜಗ್ಗು ಸೊನ್ನೆ ಪಾಯಿಂಟ್ ಆರು, ಆಮದಿನದು ಸೊನ್ನೆ ಪಾಯಿಂಟ್ ಐದು. ಎರಡೂ ಒಂದಕ್ಕಿಂತ ಕಮ್ಮಿ. ಆದ್ರೂ ವ್ಯಾಪಾರದ ಶಿಲ್ಕು ಸುಧಾರಿಸುತ್ತೆ ಅಂತ ಬರೆದಿದ್ದಾರೆ.”

“ಒಂದೊಂದೂ ಒಂದನ್ನ ದಾಟಬೇಕಿಲ್ಲ ಸಾರ್. ಕೂಡಿದಾಗ ದಾಟಿದ್ರೆ ಸಾಕು.” ಅವರು ಹಲಗೆಯ ಹತ್ತಿರ ಹೋದರು. “ರಫ್ತು ನೂರು, ಆಮದು ನೂರು, ಸರಿಸಮ ಅಂತ ಪ್ರಶ್ನೆಯಲ್ಲೇ ಇದೆ. ಡಾಲರ್ ಹತ್ತು ಪರ್ಸೆಂಟ್ ದುಬಾರಿ ಆಯ್ತು. ಹೊರಗಿನವನಿಗೆ ನಮ್ಮ ಶರಟು ಅಗ್ಗ, ಆರು ಪರ್ಸೆಂಟ್ ಜಾಸ್ತಿ ಕೊಂಡ. ರೂಪಾಯಿಯಲ್ಲಿ ನಮ್ಮ ಶರಟಿನ ರೇಟು ಬದಲಾಗಿಲ್ಲ, ರಫ್ತು ಸುಮಾರು ನೂರಾ ಆರು. ಆಮದಿನ ರೇಟು ಹತ್ತು ಏರಿತು, ನಾವು ಐದು ಪರ್ಸೆಂಟ್ ಕಮ್ಮಿ ತರಿಸಿದ್ವಿ. ಬಿಲ್ಲು ಸುಮಾರು ನೂರಾ ಐದು. ಒಂದು ರೂಪಾಯಿ ನಮ್ಮ ಕಡೆ ಉಳೀತು. ಎರಡರ ಜಗ್ಗೂ ಬರೀ ಸೊನ್ನೆ ಪಾಯಿಂಟ್ ಮೂರು ಅಂದ್ಕೊಳ್ಳಿ: ರಫ್ತು ನೂರಾ ಮೂರು, ಆಮದು ನೂರಾ ಏಳು. ಆಗ ಮುಳುಗಿದ್ವಿ.”

ರಾಮಾಂಜಿನಪ್ಪನವರು ಕನ್ನಡಕ ಏರಿಸಿ ಹಲಗೆ ನೋಡಿದರು, ಆಮೇಲೆ ಪತ್ರಿಕೆ ನೋಡಿದರು. “ಲೆಕ್ಕ ಸರಿ ಇದೆ,” ಎಂದು ನಿಧಾನವಾಗಿ ಒಪ್ಪಿಕೊಂಡರು. “ಆದ್ರೆ ಪಾರಿಭಾಷಿಕ ಪದದ ವಿಷ್ಯದಲ್ಲಿ ನಾನು ಮಾತ್ರ ಜಗ್ಗಲ್ಲ.”

ಸುಭದ್ರಮ್ಮ ಬಹಳ ವಿನಯದಿಂದ ಕೇಳಿದರು: “ಹಾಗಂದ್ರೇನು ಸಾರ್?”

ಮೊದಲು ನಕ್ಕವನು ನಾನು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ರಾಮಾಂಜಿನಪ್ಪನವರು ಒಂದು ಗಳಿಗೆ ಬಿಗಿಯಾಗಿ ಕೂತರು, ಕೊನೆಗೆ ಅವರ ಹೊಟ್ಟೆಯೂ ಕುಲುಕಿತು.

“ನೋಡಮ್ಮ, ಪದಕ್ಕೆ ಅರ್ಧ ಅಂಕ ಕಳೀತೀನಿ, ಲೆಕ್ಕಕ್ಕೆ ಪೂರ್ತಿ ಕೊಡ್ತೀನಿ. ಮುಂದಿನ ವರ್ಷದಿಂದ ನಿನ್ನ ಮಕ್ಕಳು ಪುಸ್ತಕದ ಪದಾನೂ ಒಂದು ಸಲ ಬರೀಲಿ.”

“ಬರೆಸ್ತೀನಿ ಸಾರ್.”

ಫಲಿತಾಂಶ ಬಂದ ಸಂಜೆ ಧನಲಕ್ಷ್ಮಿ ಕಾಲೇಜಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸರಿಯಾಗಿ ಪಾಸಿನ ಗೆರೆಗೆ ಬಂದು ನಿಂತಿದ್ದಳು, ಅದರ ಮೇಲೆ ಒಂದು ಅಂಕವೂ ಇಲ್ಲ.

“ನಾಳೆಯಿಂದ ಮಿಷನ್ ಮುಂದೆ ಅಲ್ಲ ಮೇಡಂ, ಆಫೀಸಿನ ಕುರ್ಚೀಲಿ ಕೂರೋದು,” ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಸುಭದ್ರಮ್ಮ ತರಕಾರಿ ಚೀಲ ನನ್ನ ಕೈಗೆ ತುರುಕಿ ಅವಳ ಪಕ್ಕದಲ್ಲೇ ಕೂತರು. ಆ ಸಂಜೆ ಸುಭದ್ರಮ್ಮನವರದೂ ನನ್ನದೂ ತರಗತಿ ನಡೆಯಲಿಲ್ಲ.